ರೆಕ್ಕೆ ಬಂದಲ್ಲಿ ಮೈ ಯಾಕೆ ಸಣ್ಣ? ಏರಿಯಾ ರೂಲ್ ಲೆಕ್ಕ

ಪ್ರಶ್ನೆ: ಸರ್, ನಾನು ಗದಗದಲ್ಲಿ ಲೇತ್ ಅಂಗಡಿ ನಡೆಸುತ್ತೇನೆ. ಮಗ ಎಫ್-102 ಅನ್ನೋ ಹಳೇ ಅಮೆರಿಕನ್ ಫೈಟರ್ ವಿಮಾನದ ಪ್ಲಾಸ್ಟಿಕ್ ಮಾದರಿ ಜೋಡಿಸಿದ್ದಾನೆ. ಅದರ ಮೈ ರೆಕ್ಕೆಯ ಹತ್ತಿರ ಒಳಗೆ ಹೋಗಿದೆ, ಬಾಲದ ಹತ್ತಿರ ಮತ್ತೆ ಉಬ್ಬಿದೆ. ಜಾಸ್ತಿ ಭಾರ ಬೀಳೋ ಜಾಗದಲ್ಲೇ ಸಣ್ಣ ಮಾಡಿದರೆ ಮುರಿಯಲ್ವಾ? ಹುಬ್ಬಳ್ಳಿ ಏರ್‌ಪೋರ್ಟಿಗೆ ಬರೋ ವಿಮಾನಗಳೆಲ್ಲ ನೆಟ್ಟಗೆ ಪೈಪಿನ ಹಾಗೆ ಇರ್ತಾವಲ್ಲ, ಅವಕ್ಕೆ ಯಾಕೆ ಬೇಡ?

ಉತ್ತರ:

ಶಬ್ದದ ವೇಗದ ಆಸುಪಾಸಿನಲ್ಲಿ ಹಾರುವಾಗ ಗಾಳಿಯು ಮೈ ಬೇರೆ, ರೆಕ್ಕೆ ಬೇರೆ ಎಂದು ನೋಡುವುದಿಲ್ಲ. ವಿಮಾನವನ್ನು ಅಡ್ಡಕ್ಕೆ ಕೊಯ್ದರೆ ಎಷ್ಟು ವಿಸ್ತೀರ್ಣ ಸಿಗುತ್ತದೆ, ಮೂಗಿನಿಂದ ಬಾಲದವರೆಗೆ ಅದು ಹೇಗೆ ಏರಿ ಇಳಿಯುತ್ತದೆ, ಇಷ್ಟೇ ಅದಕ್ಕೆ ಲೆಕ್ಕ. ರೆಕ್ಕೆ ಶುರುವಾದಲ್ಲಿ ಈ ವಿಸ್ತೀರ್ಣ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತ ಆಗಬಾರದು ಎಂದು ಅಷ್ಟೇ ವಿಸ್ತೀರ್ಣವನ್ನು ಮೈಯಿಂದ ಕಳೆಯುತ್ತಾರೆ. ನಿಮ್ಮ ಮಗನ ಮಾದರಿಯಲ್ಲಿ ಕಾಣುವ ನಡು ಅದೇ. ಇದಕ್ಕೆ ಏರಿಯಾ ರೂಲ್ ಎನ್ನುತ್ತಾರೆ. ಇದು ಯಾಕೆ ಹೀಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೀವು ಲೇತ್ ಕೆಲಸದವರು ಆಗಿರುವುದು ಇಲ್ಲಿ ಅನುಕೂಲವೇ ಆಯಿತು.

ಮೊದಲು ಗಾಳಿಯ ಗುಣ. ನಿಧಾನಕ್ಕೆ ಹೋಗುವ ಗಾಳಿಯನ್ನು ಇಕ್ಕಟ್ಟಾದ ಜಾಗಕ್ಕೆ ನುಗ್ಗಿಸಿದರೆ ಅದು ವೇಗ ಹೆಚ್ಚಿಸಿಕೊಂಡು ದಾಟಿ ಹೋಗುತ್ತದೆ. ವೇಗ ಹೆಚ್ಚಿದಾಗ ಗಾಳಿ ಸ್ವಲ್ಪ ತೆಳುವೂ ಆಗುತ್ತದೆ, ಅಂದರೆ ಅದರ ಸಾಂದ್ರತೆ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಮ್ಯಾಕ್ ಸಂಖ್ಯೆಯ ಮೇಲೆ ನಿಂತಿದೆ. ಮ್ಯಾಕ್ 1 ಅಂದರೆ ಶಬ್ದದಷ್ಟೇ ವೇಗ, 0.5 ಅಂದರೆ ಅದರ ಅರ್ಧ. ಗಾಳಿಯ ವೇಗ ಶೇಕಡ 1 ಹೆಚ್ಚಿದರೆ ಸಾಂದ್ರತೆ ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಮ್ಯಾಕ್ ಸಂಖ್ಯೆಯನ್ನು ಅದರಿಂದಲೇ ಗುಣಿಸಿ. ಮ್ಯಾಕ್ 0.5ರಲ್ಲಿ ಉತ್ತರ ಶೇಕಡ 0.25. ಮ್ಯಾಕ್ 0.9ರಲ್ಲಿ ಶೇಕಡ 0.81. ಮ್ಯಾಕ್ 1ರಲ್ಲಿ ಸರಿಯಾಗಿ ಶೇಕಡ 1.

ಎಲ್ಲ ಕಥೆಯೂ ಈ ಕೊನೆಯ ಅಂಕಿಯಲ್ಲಿದೆ. ಮ್ಯಾಕ್ 0.5ರಲ್ಲಿ ವೇಗ ಶೇಕಡ 1 ಹೆಚ್ಚಿ, ಸಾಂದ್ರತೆ ಶೇಕಡ 0.25 ಮಾತ್ರ ಇಳಿದರೆ, ಅದೇ ಜಾಗದಲ್ಲಿ ಶೇಕಡ 0.75ರಷ್ಟು ಜಾಸ್ತಿ ಗಾಳಿ ದಾಟಬಹುದು. ಹಾಗಾಗಿ ದಾರಿ ಕಿರಿದಾದರೂ ಗಾಳಿಗೆ ತೊಂದರೆ ಇಲ್ಲ. ಮ್ಯಾಕ್ 1ರಲ್ಲಿ ವೇಗದಿಂದ ಗಳಿಸಿದ್ದನ್ನೆಲ್ಲ ಸಾಂದ್ರತೆಯಲ್ಲಿ ಕಳೆದುಕೊಳ್ಳುತ್ತದೆ. ಏನೇ ಮಾಡಿದರೂ ಅದೇ ಜಾಗದಲ್ಲಿ ಒಂದು ಗ್ರಾಂ ಗಾಳಿಯೂ ಹೆಚ್ಚಿಗೆ ದಾಟುವುದಿಲ್ಲ.

ಇದನ್ನೇ ಪೈಪಿನ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಪೈಪಿನಲ್ಲಿ ಮ್ಯಾಕ್ 0.5ರಲ್ಲಿ ಗಾಳಿ ಹೋಗುತ್ತಿದ್ದರೆ, ಅದರ ವಿಸ್ತೀರ್ಣವನ್ನು ಸುಮಾರು ಶೇಕಡ 25ರಷ್ಟು ಕಿರಿದು ಮಾಡಬಹುದು. ಅದಕ್ಕೂ ಮೇಲೆ ಕಿರಿದು ಮಾಡಿದರೆ ಗಾಳಿ ಕಟ್ಟಿಕೊಳ್ಳುತ್ತದೆ. ಮ್ಯಾಕ್ 0.8ರಲ್ಲಿ ಈ ಅವಕಾಶ ಶೇಕಡ 4ಕ್ಕೂ ಕಡಿಮೆ. ಮ್ಯಾಕ್ 0.9ರಲ್ಲಿ ಶೇಕಡ 1 ಕೂಡ ಇಲ್ಲ. ಮ್ಯಾಕ್ 1ರಲ್ಲಿ ಸೊನ್ನೆ.

ಈಗ ವಿಮಾನದ ಸುತ್ತಲಿನ ಗಾಳಿಯನ್ನು ಒಂದರ ಮೇಲೊಂದು ತೊಡಿಸಿದ ಕಣ್ಣಿಗೆ ಕಾಣದ ಪೈಪುಗಳು ಎಂದುಕೊಳ್ಳಿ. ಕಡಿಮೆ ವೇಗದಲ್ಲಿ ಈ ಪೈಪುಗಳು ಮೆತ್ತಗಿರುತ್ತವೆ. ವಿಮಾನದ ಮೈ ಉಬ್ಬಿದಲ್ಲಿ ಹತ್ತಿರದ ಒಂದೆರಡು ಪೈಪು ಸಣ್ಣಗಾಗುತ್ತವೆ, ದೂರದವುಗಳಿಗೆ ಸುದ್ದಿಯೇ ಹೋಗುವುದಿಲ್ಲ. ಮ್ಯಾಕ್ 1ರ ಹತ್ತಿರ ಅವು ಕಬ್ಬಿಣದ ಹಾಗೆ. ಸಣ್ಣಗಾಗಲಾರವು, ಇಡಿಯಾಗಿ ಹೊರಕ್ಕೆ ಸರಿಯಬೇಕು ಅಷ್ಟೇ. ಒಂದು ಸರಿದರೆ ಪಕ್ಕದ್ದನ್ನು ತಳ್ಳುತ್ತದೆ, ಅದು ಮತ್ತೊಂದನ್ನು. ಹುಬ್ಬಳ್ಳಿ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ತೇರಿನ ಪಕ್ಕ ನಿಂತವರಿಗೆ ಇದು ಅನುಭವದಲ್ಲಿ ಗೊತ್ತು. ಜನ ವಿರಳವಾಗಿದ್ದಾಗ ತೇರು ಬಂದರೆ ಮುಂದಿನ ಸಾಲಿನವರು ಒಂದು ಹೆಜ್ಜೆ ಹಿಂದೆ ಸರಿದರೆ ಮುಗಿಯಿತು. ಭುಜಕ್ಕೆ ಭುಜ ತಾಗುವಷ್ಟು ತುಂಬಿದಾಗ ಅದೇ ಒಂದು ಹೆಜ್ಜೆ ಹಿಂದಿನ ಗೋಡೆಗೆ ಒರಗಿದವನ ಬೆನ್ನಿಗೂ ತಟ್ಟುತ್ತದೆ.

ದೂರದ ಗಾಳಿಗೂ ತಟ್ಟುತ್ತದೆ ಎಂದಮೇಲೆ ಒಂದು ವಿಚಿತ್ರ ಆಗುತ್ತದೆ. ಹತ್ತಾರು ಮೀಟರ್ ದೂರದ ಗಾಳಿಗೆ ತನ್ನನ್ನು ತಳ್ಳಿದ್ದು ಚಪ್ಪಟೆ ರೆಕ್ಕೆಯೋ ದುಂಡನೆ ಉಬ್ಬೋ ಎಂಬ ವಿವರ ಗೊತ್ತಾಗುವುದಿಲ್ಲ. ಒಟ್ಟು ಎಷ್ಟು ವಿಸ್ತೀರ್ಣ ತಳ್ಳಿತು ಎಂಬುದು ಮಾತ್ರ ಗೊತ್ತಾಗುತ್ತದೆ. ಅದು ಹಠಾತ್ತನೆ ಹೆಚ್ಚಿ ಹಠಾತ್ತನೆ ಇಳಿದರೆ, ಗಾಳಿ ಒಂದೆಡೆ ಶಬ್ದದ ವೇಗ ಮೀರಿ ಓಡಿ, ಮುಂದೆ ಗಕ್ಕನೆ ನಿಧಾನವಾಗುತ್ತದೆ. ಆ ಗಕ್ಕನೆ ಆಗುವ ಜಾಗವೇ ಶಾಕ್ ವೇವ್. ಅಲ್ಲಿ ಗಾಳಿಯ ಶಕ್ತಿ ಸುಮ್ನೆ ಬಿಸಿಯಾಗಿ ಹಾಳಾಗುತ್ತದೆ. ಆ ನಷ್ಟವನ್ನು ತುಂಬುವುದು ನಿಮ್ಮ ಎಂಜಿನ್. ಹೀಗೆ ಹುಟ್ಟುವ ಎಳೆತಕ್ಕೆ ವೇವ್ ಡ್ರ್ಯಾಗ್ ಎನ್ನುತ್ತಾರೆ. ಗಾಳಿ ಮೈಗೆ ಉಜ್ಜುವುದರಿಂದ ಬರುವ ಡ್ರ್ಯಾಗ್ ಬೇರೆ, ಅದು ಎಲ್ಲ ವೇಗದಲ್ಲೂ ಇದ್ದೇ ಇರುತ್ತದೆ. ವೇವ್ ಡ್ರ್ಯಾಗ್ ಮಾತ್ರ ಮ್ಯಾಕ್ 0.8, 0.9ರವರೆಗೆ ಸದ್ದಿಲ್ಲದೆ ಇದ್ದು, ಆಮೇಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ.

ಇದನ್ನು ಪ್ರಯೋಗದಲ್ಲಿ ತೋರಿಸಿದವರು ರಿಚರ್ಡ್ ವಿಟ್‌ಕಾಂಬ್. ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದ ಎಂಜಿನಿಯರ್. ಅದು ಆಗ ನಾಕಾ ಎಂಬ ಸಂಸ್ಥೆಯ ಕೈಯಲ್ಲಿತ್ತು, ಅದೇ ಮುಂದೆ ನಾಸಾ ಆಯಿತು. ಅದಕ್ಕೂ ಮೊದಲು ಮ್ಯಾಕ್ 1ರ ಹತ್ತಿರ ವಿಂಡ್ ಟನಲ್‌ನಲ್ಲಿ ಅಳತೆ ತೆಗೆಯುವುದೇ ಕಷ್ಟವಾಗಿತ್ತು. ಕಾರಣ ಮೇಲೆ ಹೇಳಿದ್ದೇ. ಟನಲ್ ಕೂಡ ಒಂದು ಪೈಪು. ಅದರೊಳಗೆ ಮಾದರಿ ಇಟ್ಟರೆ ಪೈಪು ಅಷ್ಟರಮಟ್ಟಿಗೆ ಕಿರಿದಾಗುತ್ತದೆ, ಗಾಳಿ ಕಟ್ಟಿಕೊಳ್ಳುತ್ತದೆ. ಲ್ಯಾಂಗ್ಲಿಯವರು ಟನಲ್ ಗೋಡೆಗೆ ಉದ್ದುದ್ದ ಸೀಳು ಬಿಟ್ಟು ಈ ಸಮಸ್ಯೆ ಬಿಡಿಸಿದರು. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ನೋಡಿದ ಟನಲ್‌ನಲ್ಲೂ ಈ ವೇಗಕ್ಕೆ ಬೇರೆಯೇ ಗೋಡೆ ಇತ್ತು, ತುಂಬ ತೂತುಗಳಿದ್ದದ್ದು. ಹೊಸ ಹುಡುಗರು ಬಂದು "ಗಾಳಿ ಸೋರಲ್ವಾ ಸರ್" ಎಂದು ಕೇಳುತ್ತಿದ್ದರು. ಸೋರಲಿ ಎಂದೇ ಬಿಟ್ಟದ್ದು.

ವಿಟ್‌ಕಾಂಬ್ ಮಾಡಿದ ಪ್ರಯೋಗ ಲೇತ್ ಅಂಗಡಿಯವರಿಗೆ ಇಷ್ಟವಾಗುವಂಥದ್ದು. ಒಂದು ದುಂಡನೆ ಮೈಗೆ ರೆಕ್ಕೆ ಹಚ್ಚಿ ಡ್ರ್ಯಾಗ್ ಅಳೆದರು. ಆಮೇಲೆ ರೆಕ್ಕೆ ಇಲ್ಲದ ಇನ್ನೊಂದು ಮೈ. ಅದರಲ್ಲಿ ರೆಕ್ಕೆ ಇರಬೇಕಾದ ಜಾಗದಲ್ಲಿ ರೆಕ್ಕೆಯಷ್ಟೇ ವಿಸ್ತೀರ್ಣದ ದುಂಡನೆ ಉಬ್ಬು, ಪೂರ್ತಿ ಟರ್ನಿಂಗ್ ಮಾಡಿದ ಜಾಬ್ ಥರ. ಎರಡರ ಆಕಾರಕ್ಕೂ ಸಂಬಂಧವೇ ಇಲ್ಲ. ಆದರೂ ಮ್ಯಾಕ್ 1ರ ಹತ್ತಿರ ಎರಡಕ್ಕೂ ಡ್ರ್ಯಾಗ್ ಹೆಚ್ಚುಕಡಿಮೆ ಒಂದೇ ರೀತಿ ಏರಿತು. ಮೂರನೆಯದಾಗಿ ರೆಕ್ಕೆಯನ್ನು ಹಾಗೇ ಇಟ್ಟು, ಅಷ್ಟೇ ವಿಸ್ತೀರ್ಣವನ್ನು ಮೈಯಿಂದ ಕೆತ್ತಿ ತೆಗೆದರು. ಆಗ ರೆಕ್ಕೆಯಿಂದ ಬರುತ್ತಿದ್ದ ಹೆಚ್ಚುವರಿ ಡ್ರ್ಯಾಗ್‌ನಲ್ಲಿ ಬಹುಪಾಲು ಹೋಯಿತು. 1952ರಲ್ಲಿ ಇದರ ವರದಿ ಬಂತು, ಅದೂ ರಹಸ್ಯ ಎಂಬ ಮುದ್ರೆಯೊಂದಿಗೆ. ಜರ್ಮನಿಯ ಯುಂಕರ್ಸ್ ಕಂಪನಿಯಲ್ಲಿ ಒಟ್ಟೋ ಫ್ರೆಂಟ್ಸ್‌ಲ್ ಎಂಬವರು 1944ರಲ್ಲೇ ಇಂಥದ್ದೊಂದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಯುದ್ಧದ ಗದ್ದಲದಲ್ಲಿ ಅದನ್ನು ಮುಂದುವರಿಸಿದವರಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ಇದು ಯಾವ ನಿಜ ವಿಮಾನವೂ ಅಲ್ಲ, ಕೈಲೆಕ್ಕಕ್ಕೆ ಎಂದು ನಾನೇ ಇಟ್ಟುಕೊಂಡ ಅಳತೆ. ಮೈಯ ವ್ಯಾಸ 1.6 ಮೀಟರ್. ವಿಸ್ತೀರ್ಣ ಸುಮಾರು 2.0 ಚದರ ಮೀಟರ್. ರೆಕ್ಕೆ ದಪ್ಪ ಇರುವಲ್ಲಿ ಅಡ್ಡಕ್ಕೆ ಕೊಯ್ದರೆ ಎರಡೂ ಬದಿ ಸೇರಿ 0.6 ಚದರ ಮೀಟರ್ ಸಿಗುತ್ತದೆ ಎನ್ನಿ. ಒಟ್ಟು 2.6. ಗಾಳಿಯ ಕಣ್ಣಿಗೆ ಇದು 1.82 ಮೀಟರ್ ವ್ಯಾಸದ ಗುಂಡು. ಅಂದರೆ ನೀವು 1.6 ಮೀಟರಿನ ಶಾಫ್ಟಿನ ನಡುವೆ ಸುತ್ತಲೂ 11 ಸೆಂಟಿಮೀಟರ್ ಎತ್ತರದ ಕಾಲರ್ ಬಿಟ್ಟ ಹಾಗೆ. ನೋಡಲು ತೆಳ್ಳಗಿನ ರೆಕ್ಕೆ, ಆದರೆ ಗಾಳಿಗೆ ಅದು ಕಾಲರ್.

ಒಟ್ಟು ವಿಸ್ತೀರ್ಣ 2.0ರಲ್ಲೇ ಉಳಿಯಬೇಕಾದರೆ ಅಲ್ಲಿ ಮೈಗೆ ಉಳಿಯುವುದು 1.4 ಚದರ ಮೀಟರ್. ಅದರ ವ್ಯಾಸ 1.34 ಮೀಟರ್. ಅಂದರೆ ಪ್ರತಿ ಬದಿಗೆ 13 ಸೆಂಟಿಮೀಟರ್ ಒಳಗೆ ಹೋಗಬೇಕು. ಕಣ್ಣಿಗೆ ಎದ್ದು ಕಾಣುವ ನಡು ಅದು.

ಇದರಿಂದ ಲಾಭ ಎಷ್ಟು? ಉದ್ದಕ್ಕೂ ನುಣುಪಾಗಿ ಏರಿ ಇಳಿಯುವ, ಎರಡೂ ತುದಿ ಚೂಪಾದ ಒಂದು ಆದರ್ಶ ಆಕಾರ ಇದೆ. ಸಿಯರ್ಸ್ ಮತ್ತು ಹಾಕ್ ಎಂಬಿಬ್ಬರ ಹೆಸರಲ್ಲಿ ಅದನ್ನು ಕರೆಯುತ್ತಾರೆ. ಅದರ ವೇವ್ ಡ್ರ್ಯಾಗ್ ತಿಳಿಯಲು ಗರಿಷ್ಠ ವಿಸ್ತೀರ್ಣವನ್ನು ಉದ್ದದಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಬೇಕು. ನಮ್ಮ ಲೆಕ್ಕದಲ್ಲಿ ವಿಸ್ತೀರ್ಣ 2.6ರಿಂದ 2.0ಕ್ಕೆ ಇಳಿದರೆ, ವರ್ಗ ಮಾಡಿದಾಗ ಡ್ರ್ಯಾಗ್ ಮೊದಲಿನ ಶೇಕಡ 59ಕ್ಕೆ ಬರುತ್ತದೆ. ಜೊತೆಗೆ ಉದ್ದವನ್ನು 16 ಮೀಟರಿನಿಂದ 18ಕ್ಕೆ ಎಳೆದರೆ ಶೇಕಡ 47. ಅರ್ಧಕ್ಕಿಂತ ಕಡಿಮೆ. ನಿಜ ವಿಮಾನ ಆದರ್ಶ ಆಕಾರ ಅಲ್ಲ, ಅದರ ಡ್ರ್ಯಾಗ್ ಯಾವಾಗಲೂ ಇದಕ್ಕಿಂತ ಜಾಸ್ತಿಯೇ. ಹಾಗಾಗಿ ಈ ಶೇಕಡಾವಾರು ಅಂದಾಜಿಗೆ ಮಾತ್ರ. ಆದರೆ ವರ್ಗ ಮಾಡುವ ಗುಣ ನಿಜ. ಆದ್ದರಿಂದಲೇ ಸ್ವಲ್ಪ ಕೆತ್ತಿದರೂ ದೊಡ್ಡ ಲಾಭ, ಸ್ವಲ್ಪ ಉದ್ದ ಮಾಡಿದರೂ ದೊಡ್ಡ ಲಾಭ.

ಮಗನ ಮಾದರಿಯಲ್ಲಿ ಇದನ್ನು ನೀವೇ ಅಳೆಯಬಹುದು. ಮಾದರಿಯನ್ನು ಕೊಯ್ಯಬೇಕಾಗಿಲ್ಲ. ಮೊದಲು ಅದರ ಸಂದುಗಳನ್ನೆಲ್ಲ ಮೇಣ ಅಥವಾ ಟೇಪಿನಿಂದ ಮುಚ್ಚಿ, ಒಳಗೆ ನೀರು ಹೋಗಬಾರದು. ಅಂಟಿಸುವ ಮೊದಲೇ ಆದರೆ ಮೂಗಿನ ಕಡೆ ಒಳಗೆ ಭಾರಕ್ಕೆ ನಟ್ಟುಗಳನ್ನು ಹಾಕಿ, ಆಗ ಅದು ನೀರಿನಲ್ಲಿ ತೇಲದೆ ನೆಟ್ಟಗೆ ಮುಳುಗುತ್ತದೆ. ಮೂಗಿನಿಂದ ಬಾಲದವರೆಗೆ 2 ಸೆಂಟಿಮೀಟರಿಗೊಂದು ಪೆನ್ಸಿಲ್ ಗುರುತು ಹಾಕಿ. ಬಾಲಕ್ಕೆ ದಾರ ಕಟ್ಟಿ, 0.1 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಗೆ ತೂಗು ಹಾಕಿ. ಕೆಳಗೆ ಬಕೆಟ್ ನೀರು. ಒಂದೊಂದೇ ಗುರುತಿನವರೆಗೆ ಇಳಿಸಿ ತೂಕ ಬರೆದುಕೊಳ್ಳಿ. ಎಷ್ಟು ಗ್ರಾಂ ತೂಕ ಇಳಿಯಿತೋ ಅಷ್ಟು ಘನ ಸೆಂಟಿಮೀಟರ್ ಭಾಗ ಮುಳುಗಿದೆ. ಎರಡು ಗುರುತುಗಳ ನಡುವಿನ ವ್ಯತ್ಯಾಸವನ್ನು 2ರಿಂದ ಭಾಗಿಸಿದರೆ ಅಲ್ಲಿನ ಸರಾಸರಿ ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿ ಸಿಗುತ್ತದೆ. ಅದನ್ನು ಗ್ರಾಫ್ ಹಾಳೆಯಲ್ಲಿ ಹಾಕಿ.

ನಾನು ಮೇಲೆ ಹೇಳಿದ ಕಾಲ್ಪನಿಕ ವಿಮಾನವನ್ನು 72ಕ್ಕೆ ಒಂದರಂತೆ ಕುಗ್ಗಿಸಿದರೆ, ನಡು ಇಲ್ಲದಾಗ ರೆಕ್ಕೆಯ ಹತ್ತಿರ ಎರಡು ಗುರುತುಗಳ ನಡುವೆ ಸುಮಾರು 10 ಗ್ರಾಂ ವ್ಯತ್ಯಾಸ ಬರುತ್ತದೆ. ನಡು ಇದ್ದರೆ 7.7. ಒಳ್ಳೆಯ ತಕ್ಕಡಿಗೆ ಇದು ಸಲೀಸು. ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ರೆಕ್ಕೆ ಮೈಗೆ ಸೇರುವ ಮೂಲೆಯಲ್ಲಿ ಗಾಳಿಗುಳ್ಳೆ ಕೂತರೆ ವಿಸ್ತೀರ್ಣ ಸುಳ್ಳೇ ಹೆಚ್ಚು ತೋರಿಸುತ್ತದೆ, ನೀರಿಗೆ ಎರಡು ಹನಿ ಸೋಪು ಹಾಕಿದರೆ ಗುಳ್ಳೆ ನಿಲ್ಲುವುದಿಲ್ಲ. ಎರಡನೆಯದು ಎಂಜಿನಿನ ಬಾಯಿ. ನಿಜ ವಿಮಾನದಲ್ಲಿ ಆ ಬಾಯಿಯಿಂದ ಗಾಳಿ ಒಳಗೆ ಹೋಗಿ ಹಿಂದಿನಿಂದ ಹೊರಬರುತ್ತದೆ, ಅದು ಸುತ್ತಲಿನ ಗಾಳಿಯನ್ನು ತಳ್ಳುವುದಿಲ್ಲ. ಮಾದರಿಯಲ್ಲಿ ನೀವು ಅದನ್ನು ಟೇಪಿನಿಂದ ಮುಚ್ಚಿರುತ್ತೀರಿ. ಹಾಗಾಗಿ ಬಾಯಿ ಇರುವಲ್ಲಿಂದ ಹಿಂದಕ್ಕೆ ಎಲ್ಲ ಅಂಕಿಗಳಿಂದಲೂ ಆ ಬಾಯಿಯ ವಿಸ್ತೀರ್ಣವನ್ನು ಕಳೆಯಬೇಕು. ಕಳೆಯದಿದ್ದರೆ ಅಲ್ಲಿ ಇಲ್ಲದ ಮೆಟ್ಟಿಲು ಕಾಣಿಸುತ್ತದೆ.

ಇನ್ನು ಎಫ್-102ರ ಕಥೆ. ಏರಿಯಾ ರೂಲ್ ಎಂದರೆ ಎಲ್ಲರೂ ಹೇಳುವ ಉದಾಹರಣೆ ಇದು, ಆದರೆ ಅರ್ಧ ಮಾತ್ರ ಹೇಳುತ್ತಾರೆ. ಕಾನ್ವೇರ್ ಕಂಪನಿ ಅಮೆರಿಕದ ವಾಯುಪಡೆಗೆ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನ ಕೊಡಬೇಕಿತ್ತು. ತ್ರಿಕೋನ ರೆಕ್ಕೆ, ದಪ್ಪ ನೆಟ್ಟನೆ ಮೈ. ವಿಟ್‌ಕಾಂಬ್ ತಮ್ಮ ಫಲಿತಾಂಶ ತೋರಿಸುವ ಹೊತ್ತಿಗೆ ಮೊದಲ ವಿಮಾನಗಳ ಕೆಲಸ ತುಂಬ ಮುಂದೆ ಹೋಗಿತ್ತು. ವೈಎಫ್-102 ಎಂಬ ಮೊದಲ ಮಾದರಿ 1953ರ ಅಕ್ಟೋಬರ್ 24ರಂದು ಹಾರಿತು. ಪರೀಕ್ಷೆಗಳಲ್ಲಿ ಸಮತಟ್ಟಾದ ಹಾರಾಟದಲ್ಲಿ ಅದು ಮ್ಯಾಕ್ 0.98ರ ಆಸುಪಾಸಿನಲ್ಲಿ ನಿಂತುಬಿಟ್ಟಿತು. ಮೂಗು ಕೆಳಗೆ ಮಾಡಿ ಧುಮುಕಿದರೆ ಮಾತ್ರ ಆಚೆ ಹೋಗುತ್ತಿತ್ತು. ಶಬ್ದಕ್ಕಿಂತ ವೇಗದ ವಿಮಾನ ಎಂದು ಕೊಂಡದ್ದು ಶಬ್ದವನ್ನೇ ದಾಟುವುದಿಲ್ಲ ಎಂದರೆ ಹೇಗಿರಬೇಡ?

ಕಾನ್ವೇರ್ ಎಂಜಿನಿಯರುಗಳು ವಿಮಾನವನ್ನು ಮತ್ತೆ ಚಿತ್ರಿಸಿದರು. ಮೈಯನ್ನು ಸುಮಾರು 11 ಅಡಿ ಉದ್ದ ಮಾಡಿದರು. ರೆಕ್ಕೆಯ ಹತ್ತಿರ ಒಳಗೆ ತೆಗೆದುಕೊಂಡರು. ಪೈಲಟ್ ಕೂರುವ ಗಾಜಿನ ಮೇಲ್ಭಾಗವನ್ನು ಕಿರಿದು ಮಾಡಿದರು. ಇಷ್ಟು ಮಾಡಿದರೆ ಮುಗಿಯಿತಲ್ವಾ ಎನಿಸುತ್ತದೆ. ಆದರೆ ತ್ರಿಕೋನ ರೆಕ್ಕೆಯಲ್ಲಿ ಇನ್ನೊಂದು ತೊಂದರೆ ಇದೆ. ಅದು ಮುಂದಿನಿಂದ ನಿಧಾನಕ್ಕೆ ಅಗಲವಾಗುತ್ತಾ ಹೋಗಿ, ಹಿಂದಿನ ಅಂಚಿನಲ್ಲಿ ಒಮ್ಮೆಲೇ ಮುಗಿದುಬಿಡುತ್ತದೆ. ಗ್ರಾಫಿನಲ್ಲಿ ಗೆರೆ ಮೆಲ್ಲಗೆ ಏರಿ, ಕೊನೆಗೆ ಬಂಡೆಯ ಅಂಚಿನಂತೆ ಕೆಳಗೆ ಬೀಳುತ್ತದೆ. ಮೈಯನ್ನು ಎಷ್ಟೇ ಕೆತ್ತಿದರೂ ಆ ಬೀಳುವಿಕೆ ಹೋಗುವುದಿಲ್ಲ. ಅಲ್ಲಿ ಬೇಕಾದದ್ದು ಕಳೆಯುವುದಲ್ಲ, ಕೂಡುವುದು. ಅದಕ್ಕೇ ಬಾಲದ ಎರಡೂ ಬದಿಗೆ ಟೊಳ್ಳು ಉಬ್ಬುಗಳನ್ನು ಹಚ್ಚಿದರು. ಅವುಗಳೊಳಗೆ ಎಂಜಿನಿನ ಯಾವ ಭಾಗವೂ ಇಲ್ಲ, ಕೆಲಸ ವಿಸ್ತೀರ್ಣ ತುಂಬುವುದು ಮಾತ್ರ. ನಿಮ್ಮ ಮಗನ ಮಾದರಿಯಲ್ಲಿ ಬಾಲದ ಹತ್ತಿರ ಕಾಣುವ ಉಬ್ಬು ಇವೇ.

ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ. ಏರಿಯಾ ರೂಲ್ ಎಂದರೆ ಸಣ್ಣ ಮಾಡು ಎಂದಲ್ಲ. ಗೆರೆ ನುಣುಪಾಗಿರಲಿ ಎಂದಷ್ಟೇ. ಗುಂಡಿ ಇದ್ದರೆ ತುಂಬಬೇಕು, ದಿಬ್ಬ ಇದ್ದರೆ ಕೆತ್ತಬೇಕು.

ತಿದ್ದಿದ ವೈಎಫ್-102ಎ 1954ರ ಡಿಸೆಂಬರ್ 20ರಂದು ಮೊದಲ ಸಲ ಹಾರಿತು. ಮರುದಿನವೇ ಮ್ಯಾಕ್ 1 ದಾಟಿತು, ಅದೂ ಮೇಲಕ್ಕೆ ಏರುವಾಗ. ಮುಂದೆ ಮ್ಯಾಕ್ 1.2ರವರೆಗೂ ಹೋಯಿತು. ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಲಾಭ ಪೂರ್ತಿ ನಡುವಿನದ್ದೇ ಅಲ್ಲ. ಹೊಸ ಮಾದರಿಯಲ್ಲಿ ಎಂಜಿನಿನ ಬಲವೂ ಹೆಚ್ಚಿತ್ತು, ರೆಕ್ಕೆಯ ಮುಂದಿನ ಅಂಚನ್ನೂ ಬಾಗಿಸಿದ್ದರು. ಆದರೂ ಹಳೆಯ ಮೈಗೆ ಹೊಸ ಎಂಜಿನ್ ಮಾತ್ರ ಹಾಕಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂಬುದರಲ್ಲಿ ನನಗೆ ಸಂಶಯ ಇಲ್ಲ. ಮ್ಯಾಕ್ 1ರ ಹತ್ತಿರ ಗೋಡೆ ಅಷ್ಟು ಕಡಿದಾಗಿರುತ್ತದೆ. ವಿಟ್‌ಕಾಂಬ್‌ಗೆ ಈ ಕೆಲಸಕ್ಕಾಗಿ 1954ರ ಸಾಲಿನ ಕಾಲಿಯರ್ ಟ್ರೋಫಿ ಬಂತು. ಕಾನ್ವೇರ್‌ಗೂ ಮುಂಚೆ, 1954ರ ಜುಲೈನಲ್ಲೇ, ಗ್ರಮ್ಮನ್ ಕಂಪನಿಯ ಎಫ್11ಎಫ್ ಟೈಗರ್ ಹಾರಿತ್ತು. ಅದು ಆಮೇಲೆ ತಿದ್ದಿದ್ದಲ್ಲ, ಮೊದಲಿನಿಂದಲೇ ಈ ರೂಲ್ ಹಿಡಿದು ಚಿತ್ರಿಸಿದ್ದು.

ಮುರಿಯಲ್ವಾ ಎಂಬ ನಿಮ್ಮ ಅನುಮಾನ ಸರಿಯಾದದ್ದೇ. ರೆಕ್ಕೆ ವಿಮಾನವನ್ನು ಮೇಲಕ್ಕೆ ಎತ್ತುತ್ತದೆ, ಮೂಗು ಬಾಲ ಎರಡೂ ಕೆಳಕ್ಕೆ ತೂಗುತ್ತವೆ. ಹಾಗಾಗಿ ಬಗ್ಗಿಸುವ ಬಲ ಅತಿ ಹೆಚ್ಚು ಇರುವುದು ರೆಕ್ಕೆಯ ಹತ್ತಿರವೇ. ತೆಳ್ಳನೆ ತಗಡಿನ ಕೊಳವೆ ಬಗ್ಗುವುದನ್ನು ತಡೆಯುವ ಶಕ್ತಿ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ. ವ್ಯಾಸ 1.6ರಿಂದ 1.34ಕ್ಕೆ ಇಳಿದರೆ, ಅದೇ ತಗಡಿನಲ್ಲಿ ಶಕ್ತಿ ಶೇಕಡ 70ಕ್ಕೆ ಇಳಿಯುತ್ತದೆ. ಅದನ್ನು ಸರಿದೂಗಿಸಲು ಅಲ್ಲಿ ತಗಡನ್ನು ಸುಮಾರು ಶೇಕಡ 43ರಷ್ಟು ದಪ್ಪ ಮಾಡಬೇಕು. ಅದೃಷ್ಟಕ್ಕೆ ರೆಕ್ಕೆಯ ತೊಲೆಗಳು ಮೈಯನ್ನು ಸೇರುವುದು ಅಲ್ಲೇ, ಅವುಗಳಿಗಾಗಿ ಗಟ್ಟಿ ಬಳೆಗಳನ್ನು ಹೇಗೂ ಇಡಲೇಬೇಕು. ಹಾಗಾಗಿ ಮುರಿಯುವುದಿಲ್ಲ, ಆದರೆ ತೂಕ ಜಾಸ್ತಿಯಾಗುತ್ತದೆ. ಇಂಧನಕ್ಕೆ ಜಾಗ ಕಡಿಮೆಯಾಗುತ್ತದೆ. ಎಂಜಿನಿಗೆ ಗಾಳಿ ಹೋಗುವ ದಾರಿ ಸೊಂಟದಲ್ಲಿ ಇಕ್ಕಟ್ಟಾಗುತ್ತದೆ. ತಗಡನ್ನು ಎರಡು ದಿಕ್ಕಿಗೂ ಬಾಗಿಸಬೇಕಾದ್ದರಿಂದ ಪ್ರೆಸ್ ಕೆಲಸ ದುಬಾರಿ. ಒಂದೇ ವ್ಯಾಸದ ಪೈಪಿಗೆ ಇದ್ಯಾವ ತಲೆನೋವೂ ಇಲ್ಲ.

ರೂಲಿಗೆ ಮಿತಿಯೂ ಇದೆ. ನೆಟ್ಟಗೆ ಅಡ್ಡಕ್ಕೆ ಕೊಯ್ಯುವ ಲೆಕ್ಕ ನಡೆಯುವುದು ಮ್ಯಾಕ್ 1ರ ಸುತ್ತಮುತ್ತ ಮಾತ್ರ. ಅದಕ್ಕಿಂತ ವೇಗವಾಗಿ ಹೋದಾಗ ವಿಮಾನದ ಪ್ರಭಾವ ಹಿಂದಕ್ಕೆ ವಾಲಿದ ಶಂಕುವಿನಲ್ಲಿ ಹರಡುತ್ತದೆ. ಹಾಗಾಗಿ ಕೊಯ್ಯುವ ಗರಗಸವನ್ನೂ ವಾಲಿಸಬೇಕು. ಮ್ಯಾಕ್ 1.4ರಲ್ಲಿ ವಿಮಾನದ ಉದ್ದಕ್ಕೆ ಸುಮಾರು 45 ಡಿಗ್ರಿ ಕೋನ, ಮ್ಯಾಕ್ 2ರಲ್ಲಿ 30 ಡಿಗ್ರಿ. ಅಷ್ಟೇ ಅಲ್ಲ, ವಿಮಾನದ ಸುತ್ತ ಎಲ್ಲ ದಿಕ್ಕಿನಿಂದಲೂ ಹೀಗೆ ಕೊಯ್ದು ಎಲ್ಲದರ ಸರಾಸರಿ ತೆಗೆಯಬೇಕು. ಈ ವಾಲಿದ ಲೆಕ್ಕವನ್ನು ಕೊಟ್ಟವರಲ್ಲಿ ರಾಬರ್ಟ್ ಜೋನ್ಸ್ ಮುಖ್ಯರು. ಓರೆಯಾಗಿ ಕೊಯ್ದಾಗ ಉದ್ದ ರೆಕ್ಕೆ ಒಂದೇ ಜಾಗದಲ್ಲಿ ಕೂಡಿಕೊಳ್ಳದೆ ಹಲವು ಕೊಯ್ತಗಳಿಗೆ ಹಂಚಿಹೋಗುತ್ತದೆ. ಹಾಗಾಗಿ ಮ್ಯಾಕ್ 2ಕ್ಕೆ ಎಂದೇ ಮಾಡಿದ ವಿಮಾನದಲ್ಲಿ ಆಳವಾದ ನಡು ಬೇಕಾಗುವುದಿಲ್ಲ. ಮ್ಯಾಕ್ 1ಕ್ಕೆ ಎಂದು ಚೆನ್ನಾಗಿ ಕೆತ್ತಿದ ಮೈ ಮ್ಯಾಕ್ 2ರಲ್ಲಿ ಉಲ್ಟಾ ಹೊಡೆಯಲೂಬಹುದು. ಮುಂದೆ ಎಂಜಿನುಗಳು ಬಲವಾದಂತೆ ಮ್ಯಾಕ್ 1ರ ಗೋಡೆಯನ್ನು ನೂಕಿಕೊಂಡೇ ದಾಟುವ ಧೈರ್ಯ ಬಂತು, ಕಣ್ಣಿಗೆ ಕಾಣುವ ನಡು ಕಡಿಮೆಯಾಯಿತು. ಲೆಕ್ಕ ಮಾತ್ರ ಬಿಟ್ಟಿಲ್ಲ. ಕಾಕ್‌ಪಿಟ್ ಎಲ್ಲಿರಬೇಕು, ಬಾಲದ ರೆಕ್ಕೆ ಎಷ್ಟು ಹಿಂದಿರಬೇಕು ಎಂಬುದರಲ್ಲೇ ಅದನ್ನು ತೀರಿಸಿಬಿಡುತ್ತಾರೆ.

ನಡು ಇದ್ದರೂ ಎಂಜಿನ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಎಚ್‌ಎಫ್-24 ಮಾರುತ್ ರೂಪುಗೊಂಡಿತು, 1961ರ ಜೂನ್ 17ರಂದು ಹಾರಿತು. ಏರಿಯಾ ರೂಲ್ ಹಿಡಿದು ಮಾಡಿದ ಮೈ ಅದರದ್ದು. ಗುರಿ ಮ್ಯಾಕ್ 2. ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಎರಡು ಸಣ್ಣ ಆರ್ಫಿಯಸ್ ಎಂಜಿನುಗಳಲ್ಲೇ ಹಾರಿತು, ಶಬ್ದದ ವೇಗದ ಹೊಸ್ತಿಲಲ್ಲೇ ಉಳಿಯಿತು. ಡ್ರ್ಯಾಗ್ ಕಡಿಮೆ ಮಾಡುವುದೊಂದು, ಉಳಿದ ಡ್ರ್ಯಾಗನ್ನು ಎಳೆಯುವ ಬಲ ಇನ್ನೊಂದು. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಗನಿಗೆ ಅದನ್ನು ತೋರಿಸಿ. ಪಕ್ಕದಿಂದ ಅಲ್ಲ, ಮೂಗಿನ ಹತ್ತಿರ ನಿಂತು ಮೈಯ ಉದ್ದಕ್ಕೆ ಕಣ್ಣು ಹಾಯಿಸಲಿ.

ಕೊನೆಗೆ ಹುಬ್ಬಳ್ಳಿಗೆ ಬರುವ ವಿಮಾನಗಳು. ರೆಕ್ಕೆಯ ಮುಂದೆ ದೊಡ್ಡ ಪಂಖ ಇರುವ ಎಟಿಆರ್ ಹಾರುವುದು ಶಬ್ದದ ಅರ್ಧ ವೇಗದ ಆಸುಪಾಸಿನಲ್ಲಿ. ಅಲ್ಲಿ ಪೈಪುಗಳು ಮೆತ್ತಗಿವೆ, ಶಾಕ್ ವೇವ್ ಹುಟ್ಟುವುದೇ ಇಲ್ಲ. ಅದಕ್ಕೆ ನಡು ಮಾಡಿದರೆ ಸೀಟು ಕಳೆದುಕೊಂಡದ್ದಷ್ಟೇ ಲಾಭ. ಏರ್‌ಬಸ್ ಎ320 ಸುಮಾರು ಮ್ಯಾಕ್ 0.78ರಲ್ಲಿ ಹಾರುತ್ತದೆ. ಅದಕ್ಕೆ ಅಪಾಯ ಹತ್ತಿರವೇ ಇದೆ, ಆದರೆ ಅದನ್ನು ರೆಕ್ಕೆಯಲ್ಲೇ ಬಗೆಹರಿಸುತ್ತಾರೆ. ರೆಕ್ಕೆಯನ್ನು ಹಿಂದಕ್ಕೆ ಬಾಗಿಸಿ, ಅದರ ಮೇಲ್ಮೈಯನ್ನು ಚಪ್ಪಟೆ ಮಾಡಿ, ಮೇಲಿನ ಗಾಳಿ ಶಬ್ದದ ವೇಗವನ್ನು ತೀರಾ ಮೀರದಂತೆ ನೋಡಿಕೊಳ್ಳುತ್ತಾರೆ. ಆ ಚಪ್ಪಟೆ ರೆಕ್ಕೆಯ ಹಿಂದೆ ಇರುವುದೂ ಅದೇ ವಿಟ್‌ಕಾಂಬ್, 1960ರ ದಶಕದ ಕೆಲಸ. ಮೈ ನೆಟ್ಟಗೆ ಉಳಿದರೆ ಒಂದೇ ಅಳತೆಯ ಬಳೆಗಳನ್ನು ಸಾಲಾಗಿ ಜೋಡಿಸಬಹುದು, ಸೀಟಿನ ಸಾಲುಗಳು ಸರಿಯಾಗಿ ಕೂರುತ್ತವೆ, ನಾಳೆ ಉದ್ದ ಮಾಡಬೇಕೆಂದರೆ ನಡುವೆ ಇನ್ನೆರಡು ತುಂಡು ಸೇರಿಸಿದರೆ ಆಯಿತು.

ಆದರೂ ಪ್ರಯಾಣಿಕ ವಿಮಾನಗಳು ಈ ರೂಲನ್ನು ಪೂರ್ತಿ ಮರೆತಿಲ್ಲ. ಮ್ಯಾಕ್ 0.85ರ ಹತ್ತಿರ ಹಾರುವ ಬೋಯಿಂಗ್ 747ಕ್ಕೆ ಮುಂದೆ ಒಂದು ಗೂನು ಇದೆಯಲ್ಲ, ಅದನ್ನು ಮಾಡಿದ್ದು ಕಾಕ್‌ಪಿಟ್ ಮೇಲಿಟ್ಟು ಮೂಗಿನಿಂದ ಸರಕು ತುಂಬಲು. ಮುಂದೆ 747-300ರಲ್ಲಿ ಮಹಡಿಯನ್ನು ಹಿಂದಕ್ಕೆ ಉದ್ದ ಮಾಡಿದಾಗ ವಿಸ್ತೀರ್ಣದ ಗೆರೆ ಇನ್ನಷ್ಟು ನುಣುಪಾಯಿತು. ಗೂನು ದೊಡ್ಡದಾದರೂ ವಿಮಾನ ಮೊದಲಿಗಿಂತ ಒಂಚೂರು ವೇಗವಾಗಿಯೇ ಹಾರಿತು. 1960ರ ದಶಕದ ಕಾನ್ವೇರ್ 990 ವಿಮಾನದಲ್ಲಿ ರೆಕ್ಕೆಯ ಹಿಂದಿನ ಅಂಚಿನಿಂದ ಗಜ್ಜರಿಯಂಥ ನಾಲ್ಕು ಉದ್ದ ಗುಂಡುಗಳು ಹೊರಗೆ ಚಾಚಿದ್ದವು. ಎಫ್-102ರ ಬಾಲದ ಉಬ್ಬುಗಳ ಕೆಲಸವನ್ನೇ ಅವು ರೆಕ್ಕೆಯ ಮೇಲೆ ಮಾಡುತ್ತಿದ್ದವು. ಎ320 ರೆಕ್ಕೆಯ ಕೆಳಗೆ ಈಗ ಕಾಣುವ ದೋಣಿಯಾಕಾರದ ಉಬ್ಬುಗಳ ಮುಖ್ಯ ಕೆಲಸ ಬೇರೆ. ಇಳಿಯುವಾಗ ರೆಕ್ಕೆಯ ಹಿಂಭಾಗವನ್ನು ಹೊರಕ್ಕೆ ಚಾಚುವ ಹಳಿ ಮತ್ತು ಅದರ ಯಂತ್ರಭಾಗಗಳು ಅವುಗಳೊಳಗೆ ಇರುತ್ತವೆ. ಹೇಗೂ ಒಂದು ಮುಚ್ಚಳ ಬೇಕೇ ಬೇಕು ಎಂದಮೇಲೆ, ಅದನ್ನು ರೆಕ್ಕೆ ಮುಗಿದ ಮೇಲೂ ಹಿಂದಕ್ಕೆ ಚಾಚಿ ಮೊನಚು ಮಾಡುತ್ತಾರೆ. ವಿಸ್ತೀರ್ಣದ ಗೆರೆ ಅಲ್ಲಿ ಒಮ್ಮೆಲೇ ಬೀಳದೆ ಮೆಲ್ಲಗೆ ಇಳಿಯುತ್ತದೆ.